ಹತ್ತಿ ಕೈಪಿಡಿಯ ಪರಿಶೀಲನೆ ಮತ್ತು ಅದರ ದರ

ಸಿಂಧನೂರು, ರಾಯಚೂರು ಜಿಲ್ಲೆ

ಸರ್, ನಮಸ್ಕಾರ.

ಹತ್ತಿ ಬೆಳೆಯ ಕೈಪಿಡಿ ತಲುಪಿತು. ಮಷಿನ್ ಅನುವಾದ ಮಾಡಿದೆ, ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡಿ, ಅದಕ್ಕೆ ಬೇರೆ ದುಡ್ಡು ಬೇಡ ಅಲ್ವಾ ಎಂದು ಬರೆದಿದ್ದೀರಿ. ಮೊದಲ ನಾಲ್ಕು ಪುಟ ಓದಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಎರಡನೇ ಪುಟದಲ್ಲಿ ಹೀಗಿದೆ: "ಚೌಕಗಳು ಉದುರುತ್ತಿದ್ದರೆ ತಕ್ಷಣ ಅನ್ವಯಿಸಿ." ಮೂವತ್ತು ವರ್ಷ ಎರೆ ಹೊಲದಲ್ಲಿ ಹತ್ತಿ ಬೆಳೆದ ನಮ್ಮ ಮಾವನವರಿಗೆ ಇದನ್ನು ಓದಿ ಹೇಳಿದೆ. "ಚೌಕ ಅಂದ್ರ ಯಾವುದವ್ವಾ, ಮಡಿ ಏನು?" ಎಂದು ಕೇಳಿದರು. ಇಂಗ್ಲಿಷಿನಲ್ಲಿ ಹತ್ತಿಯ ಮೊಗ್ಗಿಗೆ 'ಸ್ಕ್ವೇರ್' ಎನ್ನುತ್ತಾರೆ. ಮಷಿನ್ ಅದನ್ನು ಚೌಕ ಮಾಡಿದೆ. ಇನ್ನು 'ಅನ್ವಯಿಸಿ' ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. 'ಸಿಂಪಡಿಸಿ' ಎಂದರೆ ತಿಳಿಯುತ್ತದೆ. ಬಾಯಿಮಾತಿನಲ್ಲಂತೂ ಎಣ್ಣೆ ಹೊಡೆಯುವುದು ಅಂತಲೇ ಹೇಳುತ್ತಾರೆ.

ಇದು ಕಣ್ಣಿಗೆ ಕಾಣುವ ತಪ್ಪು. ನನಗೆ ಹೆದರಿಕೆ ಆಗಿದ್ದು ನಾಲ್ಕನೇ ಪುಟದಲ್ಲಿ. "ಔಷಧಿ ಒಣಗುವ ಮೊದಲು ಹೊಲಕ್ಕೆ ಹೋಗಿ" ಎಂದಿದೆ. ಮೂಲದಲ್ಲಿ ಇರುವುದು "ಹೋಗಬೇಡಿ". ಕನ್ನಡದಲ್ಲಿ ಬೇಡ, ಬಾರದು, ಇಲ್ಲ ಎನ್ನುವುದೆಲ್ಲ ಮಾತಿನ ಕೊನೆಗೆ ಬರುತ್ತದೆ. ಆ ಬಾಲ ಕಳಚಿದರೂ ವಾಕ್ಯ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಬರೀ ಕನ್ನಡ ಓದಿದರೆ ಇಂಥದ್ದು ಸಿಗುವುದಿಲ್ಲ. ಇಂಗ್ಲಿಷ್ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ಹೋಲಿಸಬೇಕು. ಈ ನಾಲ್ಕು ಪುಟಕ್ಕೇ ಎರಡೂವರೆ ತಾಸು ಹಿಡಿಯಿತು.

ಸರ್, ಆ ಸಾಲು ಓದಿ ಹೊಲಕ್ಕೆ ಇಳಿಯುವವರು ಕಳೆ ಕೀಳುವ ಹೆಣ್ಣುಮಕ್ಕಳು. ಬರಿಗಾಲಲ್ಲಿ ಇಳಿಯುತ್ತಾರೆ.

ಮಷಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅಂಕಿಗಳನ್ನು, ಮತ್ತೆ ಮತ್ತೆ ಬರುವ ಸಾಲುಗಳನ್ನು ಬೇಗ ಮಾಡಿಕೊಟ್ಟಿದೆ. ನನ್ನ ಟೈಪಿಂಗ್ ಉಳಿದಿದೆ. ಆ ಉಳಿತಾಯ ನಿಮಗೂ ಸಿಗಬೇಕು. ಪೂರ್ತಿ ಅನುವಾದಕ್ಕೆ ಪದಕ್ಕೆ 2 ರೂಪಾಯಿ ತೆಗೆದುಕೊಳ್ಳುತ್ತೇನೆ. ಈ ಪರಿಶೀಲನೆಗೆ 80 ಪೈಸೆ ಸಾಕು. 4,200 ಪದಕ್ಕೆ 3,360 ರೂಪಾಯಿ ಆಗುತ್ತದೆ. ಇದಕ್ಕಿಂತ ಕಡಿಮೆ ಮಾಡಿದರೆ ನಾನೂ ಕಣ್ಣಾಡಿಸಿ ಕಳಿಸಬೇಕಾಗುತ್ತದೆ. ಅದು ನನ್ನಿಂದ ಆಗುವುದಿಲ್ಲ.

ಇನ್ನೊಂದು ಮಾತು. ಔಷಧಿಯ ಅಳತೆಯನ್ನು ಎಕರೆಗೆ ಇಷ್ಟು ಎಂದು ಮಾತ್ರ ಕೊಟ್ಟಿದ್ದೀರಿ. ಇಲ್ಲಿ ರೈತರು ಲೆಕ್ಕ ಹಾಕುವುದು ಪಂಪಿಗೆ ಎಷ್ಟು ಎಂದು. 16 ಲೀಟರ್ ಪಂಪಿಗೆ ಎಷ್ಟು ಎಂಎಲ್ ಎಂದು ನಿಮ್ಮ ಕೃಷಿ ತಜ್ಞರನ್ನು ಕೇಳಿ ತಿಳಿಸಿದರೆ ಅದನ್ನೂ ಸೇರಿಸುತ್ತೇನೆ.

ದರ ಒಪ್ಪಿಗೆಯಾದರೆ ನಾಳೆಯೇ ಶುರು ಮಾಡುತ್ತೇನೆ, ಶುಕ್ರವಾರ ಸಂಜೆಗೆ ಕಳಿಸುತ್ತೇನೆ. ಒಪ್ಪಿಗೆ ಆಗದಿದ್ದರೂ ನಾಲ್ಕನೇ ಪುಟದ ಆ ಸಾಲನ್ನು ದಯವಿಟ್ಟು ಪ್ರಿಂಟಿಗೆ ಹೋಗುವ ಮೊದಲು ಸರಿಮಾಡಿಸಿ.

ಇಂತಿ,
ಶರಣಮ್ಮ