ಬಿಟ್ಟ ಸ್ಥಳ ತುಂಬಿರಿ: ಗೌರಿಯ ಒಂದು ದಿನ (ಏಳನೇ ತರಗತಿ, ಇಂಗ್ಲಿಷ್ ವ್ಯಾಕರಣ)

ಮಕ್ಕಳೇ, ಈ ಸಲದ ಅಭ್ಯಾಸ ಕ್ರಿಯಾಪದದ ಕಾಲಗಳ ಮೇಲೆ. ಇಂಗ್ಲಿಷ್ ವಾಕ್ಯಗಳನ್ನೂ ಬೇಕೆಂದೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಮೊದಲು ಜೋರಾಗಿ ಓದಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ವಾಕ್ಯ ಬರೆಯಿರಿ. ಹಾಗೆ ಮಾಡಿದರೆ ಸ್ಪೆಲ್ಲಿಂಗೂ ಕೈಗೆ ಬರುತ್ತದೆ.

ವಾಕ್ಯದ ಕೊನೆಗೆ ಕೊಟ್ಟ ಕ್ರಿಯಾಪದವನ್ನು ಸರಿಯಾದ ಕಾಲಕ್ಕೆ ಬದಲಾಯಿಸಿ ತುಂಬಬೇಕು. ತುಂಬುವ ಮೊದಲು ಇದು ಯಾವಾಗ ನಡೆದದ್ದು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ವಾಕ್ಯದೊಳಗೇ ಇರುತ್ತದೆ. ಯೆಸ್ಟರ್ಡೇ, ನೌ, ಎವ್ರಿ, ಸಿನ್ಸ್‌ನಂಥ ಪದ ಕಂಡರೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ.

1. ದ ರಿವರ್ ಕಾವೇರಿ ______ ಅಟ್ ತಲಕಾವೇರಿ. – ಬಿಗಿನ್

2. ಮೈಸೂರು ಸ್ಟೇಟ್ ______ ಕರ್ನಾಟಕ ಇನ್ 1973. – ಬಿಕಮ್

3. ಗೌರಿ ______ ಇನ್ ಮಡಿಕೇರಿ ಸಿನ್ಸ್ 2019. – ಲಿವ್

4. ಎವ್ರಿ ಈವ್ನಿಂಗ್ ಶಿ ______ ವಿತ್ ಹರ್ ಸಿಸ್ಟರ್. – ಸ್ಟಡಿ

5. ಯೆಸ್ಟರ್ಡೇ ಶಿ ______ ಎ ಲೆಟರ್ ವೆನ್ ದ ಲೈಟ್ಸ್ ವೆಂಟ್ ಔಟ್. – ರೈಟ್

6. ಶಿ ಡಿಡ್ ನಾಟ್ ______ ದ ಕ್ಯಾಂಡಲ್ ಇನ್ ದ ಡಾರ್ಕ್. – ಫೈಂಡ್

7. ಬೈ ದ ಟೈಮ್ ಶಿ ರೀಚ್ಡ್ ದ ಬಸ್ ಸ್ಟ್ಯಾಂಡ್ ದಿಸ್ ಮಾರ್ನಿಂಗ್, ದ ಬಸ್ ______. – ಲೀವ್

8. ಲುಕ್! ಶಿ ______ ಅಲಾಂಗ್ ದ ರೋಡ್ ನೌ. – ವಾಕ್

9. ಶಿ ______ ಆಲ್ ಹರ್ ಟೀಚರ್ಸ್ ವೆಲ್. – ನೋ

10. ಟುಮಾರೋ ಹರ್ ಗ್ರ್ಯಾಂಡ್‌ಮದರ್ ______ ಫ್ರಮ್ ವಿರಾಜಪೇಟೆ. – ಕಮ್

11. ಇಫ್ ಇಟ್ ______, ದೇ ವಿಲ್ ಸ್ಟೇ ಅಟ್ ಹೋಮ್. – ರೇನ್

ಎಲ್ಲ ಬರೆದು ಮುಗಿಸಿದ ಮೇಲೆಯೇ ಕೆಳಗೆ ನೋಡಿ. ತಪ್ಪಾದರೂ ಪರವಾಗಿಲ್ಲ. ಹೊಡೆದು ಹಾಕಬೇಡಿ, ಪಕ್ಕದಲ್ಲಿ ಸರಿ ಉತ್ತರ ಬರೆದುಕೊಳ್ಳಿ.

ಉತ್ತರ ಮತ್ತು ವಿವರಣೆ

ಒಂದನೆಯದು ಬಿಗಿನ್ಸ್. ಕಾವೇರಿ ಇವತ್ತೂ ಅಲ್ಲೇ ಹುಟ್ಟುತ್ತಾಳೆ, ನಾಳೆಯೂ ಅಲ್ಲೇ. ಯಾವಾಗಲೂ ನಿಜವಾಗಿರುವ ಮಾತಿಗೆ ಸರಳ ವರ್ತಮಾನ. ಎರಡನೆಯದು ಬಿಕೇಮ್. 1973 ಅಂತ ಇಸವಿ ಹೇಳಿಬಿಟ್ಟಿದೆ, ಅದು ಮುಗಿದ ಕಾಲ. ಹಾಗಾಗಿ ಭೂತಕಾಲ.

ಮೂರನೆಯದರಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡದಲ್ಲಿ ನಾವು ‘ಗೌರಿ 2019ರಿಂದ ಮಡಿಕೇರಿಯಲ್ಲಿದ್ದಾಳೆ’ ಅಂತೀವಿ. ಇದ್ದಾಳೆ ಅಂದರೆ ವರ್ತಮಾನ ಅಲ್ವಾ? ಅದನ್ನು ನೋಡಿಯೇ ತುಂಬ ಜನ ‘ಗೌರಿ ಲಿವ್ಸ್’ ಅಂತಲೋ ‘ಈಸ್ ಲಿವಿಂಗ್’ ಅಂತಲೋ ಬರೆಯುತ್ತೀರಿ. ಇಂಗ್ಲಿಷ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಹ್ಯಾಸ್ ಲಿವ್ಡ್’. ‘ಹ್ಯಾಸ್ ಬೀನ್ ಲಿವಿಂಗ್’ ಅಂದರೂ ಸರಿ. ಕನ್ನಡದ ‘ಇಂದ’ ಸಮಯದ ಜೊತೆ ಬಂದು, ಕೆಲಸ ಈಗಲೂ ನಡೆಯುತ್ತಿದ್ದರೆ, ಇಂಗ್ಲಿಷಿನಲ್ಲಿ ಹ್ಯಾವ್ ಅಥವಾ ಹ್ಯಾಸ್ ಬೇಕು.

ನಾಲ್ಕು: ಸ್ಟಡೀಸ್. ವೈ ತೆಗೆದು ಐ-ಇ-ಎಸ್ ಹಾಕಿ. ಕನ್ನಡದಲ್ಲಿ ಓದುತ್ತಾನೆ, ಓದುತ್ತಾಳೆ ಎಂದು ಬೇರೆ ಬೇರೆ ಇದೆ. ಇಂಗ್ಲಿಷಿನಲ್ಲಿ ಹುಡುಗನಿಗೂ ಹುಡುಗಿಗೂ ಒಂದೇ ರೂಪ.

ಐದು: ವಾಸ್ ರೈಟಿಂಗ್. ‘ಬರೆಯುತ್ತಿದ್ದಳು, ಅಷ್ಟರಲ್ಲಿ ಕರೆಂಟು ಹೋಯಿತು.’ ಒಂದು ಕೆಲಸ ನಡೆಯುತ್ತಿತ್ತು, ಇನ್ನೊಂದು ನಡುವೆ ಬಂತು. ಕನ್ನಡದ ‘ತ್ತಿದ್ದ’ ಇಲ್ಲಿ ನಿಮಗೆ ಒಳ್ಳೇ ದಾರಿ ತೋರಿಸುತ್ತದೆ. ಅದನ್ನು ನಂಬಿ.

ಆರನೆಯದು ಫೈಂಡ್. ಹೌದು, ಫೌಂಡ್ ಅಲ್ಲ, ಏನೂ ಬದಲಾಯಿಸಬಾರದು. ನಾನು ಜಾಸ್ತಿ ತಿದ್ದುವ ತಪ್ಪು ಇದೇ. ಹಿಂದಿನ ವರ್ಷ ಒಬ್ಬ ಹುಡುಗಿ ಇಂಥದ್ದೇ ಪ್ರಶ್ನೆಗೆ ‘ಡಿಡ್ ನಾಟ್ ವೆಂಟ್’ ಅಂತ ಬರೆದಿದ್ದಳು. ತಪ್ಪು ಅಂದೆ. ‘ಗೋಯಿಂಗ್’ ಬರೆದಳು. ಮತ್ತೆ ಅಳಿಸಿ ‘ಗಾನ್’ ಬರೆದಳು. ರಬ್ಬರಿನಿಂದ ಉಜ್ಜಿ ಉಜ್ಜಿ ಆ ಜಾಗದಲ್ಲಿ ಹಾಳೆ ತೂತಾಗಿತ್ತು. ಆಗ ನನಗೆ ಹೊಳೆಯಿತು, ಸುಮ್ನೆ ತಪ್ಪು ತಪ್ಪು ಅಂದರೆ ಪ್ರಯೋಜನ ಇಲ್ಲ ಅಂತ. ‘ಅವಳು ಹೋಗಲಿಲ್ಲ ಅಂತೀವಿ. ಹೋದಲಿಲ್ಲ ಅಂತೀವಾ?’ ಎಂದು ಕೇಳಿದೆ. ನಕ್ಕಳು. ತೂತಿನ ಪಕ್ಕದಲ್ಲೇ ‘ಗೋ’ ಅಂತ ಬರೆದಳು. ಕನ್ನಡದಲ್ಲಿ ‘ಲಿಲ್ಲ’ ಬಂದರೆ ಭೂತಕಾಲ ಅದರಲ್ಲೇ ಸೇರಿರುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಡಿಡ್’ ಮಾಡುತ್ತದೆ. ಡಿಡ್ ಬಂದ ಮೇಲೆ ಮುಂದಿನ ಕ್ರಿಯಾಪದ ಮೂಲ ರೂಪದಲ್ಲೇ ಇರಬೇಕು. ಪ್ರಶ್ನೆ ಕೇಳುವಾಗಲೂ ಅಷ್ಟೇ: ‘ಡಿಡ್ ಶಿ ಗೋ?’

ಇದರ ಜೊತೆಗೇ ಇನ್ನೊಂದು. ‘ಅಪ್ಪ ಬರಲಿಲ್ಲ’ ಮತ್ತು ‘ಅಪ್ಪ ಬಂದಿಲ್ಲ’ ಒಂದೇ ಅಲ್ಲ ಅಂತ ನಿಮಗೆ ಗೊತ್ತು. ಬರಲಿಲ್ಲ ಅಂದರೆ ಆ ಹೊತ್ತು ಕಳೆಯಿತು. ಬಂದಿಲ್ಲ ಅಂದರೆ ಇನ್ನೂ ಕಾಯುತ್ತಿದ್ದೇವೆ. ಮೊದಲನೆಯದು ‘ಡಿಡ್ ನಾಟ್ ಕಮ್’, ಎರಡನೆಯದು ‘ಹ್ಯಾಸ್ ನಾಟ್ ಕಮ್’. ಈ ವ್ಯತ್ಯಾಸ ಮನೆಮಾತಿನಲ್ಲೇ ನಿಮಗೆ ಬಂದಿದೆ. ಅದನ್ನು ಇಂಗ್ಲಿಷಿಗೆ ತಂದುಕೊಂಡರೆ ಸಾಕು.

ಏಳು: ಹ್ಯಾಡ್ ಲೆಫ್ಟ್. ಗೌರಿ ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಎರಡೂ ಆಗಿಹೋದ ಕೆಲಸವೇ. ಆದರೆ ಬಸ್ಸು ಹೊರಟದ್ದು ಮೊದಲು. ಮೊದಲು ಆದದ್ದಕ್ಕೆ ‘ಹ್ಯಾಡ್’ ಬಂತು.

ಎಂಟು: ಈಸ್ ವಾಕಿಂಗ್. ಲುಕ್, ನೌ ಎರಡೂ ಇವೆ, ಅನುಮಾನವೇ ಬೇಡ.

ಒಂಬತ್ತು: ನೋಸ್. ‘ಈಸ್ ನೋಯಿಂಗ್’ ಬರೆದವರು ತಿದ್ದಿಕೊಳ್ಳಿ. ನಡೆಯುವುದನ್ನು ಕಣ್ಣಲ್ಲಿ ನೋಡಬಹುದು, ‘ಗೊತ್ತಿರುವುದು’ ಹಾಗೆ ನಡೆಯುತ್ತಿರುವ ಕೆಲಸ ಅಲ್ಲ. ನಮಗೆ ಇಬ್ಬರು ಅಣ್ಣಂದಿರಿದ್ದಾರೆ ಅನ್ನುವಾಗಲೂ ಹಾಗೇ. ‘ಐ ಹ್ಯಾವ್ ಟೂ ಬ್ರದರ್ಸ್’ ಅನ್ನಬೇಕು, ‘ಐ ಆಮ್ ಹ್ಯಾವಿಂಗ್’ ಅನ್ನಬಾರದು.

ಹತ್ತು: ವಿಲ್ ಕಮ್. ‘ಈಸ್ ಕಮಿಂಗ್’ ಬರೆದವರಿಗೂ ಪೂರ್ತಿ ಅಂಕ. ಅಜ್ಜಿ ಬರುವುದು ಮೊದಲೇ ನಿಶ್ಚಯವಾಗಿದ್ದರೆ ಹಾಗೂ ಹೇಳುತ್ತಾರೆ. ಆದರೆ ‘ಕಮ್ಸ್’ ಬರೆದಿದ್ದರೆ ಇಲ್ಲಿ ಒಪ್ಪುವುದಿಲ್ಲ. ಅದು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ‘ಅಜ್ಜಿ ದಿನಾ ಬರುತ್ತಾರೆ’, ‘ಅಜ್ಜಿ ನಾಳೆ ಬರುತ್ತಾರೆ’ – ಕನ್ನಡದಲ್ಲಿ ಎರಡಕ್ಕೂ ಒಂದೇ ‘ಬರುತ್ತಾರೆ’. ಇಂಗ್ಲಿಷಿನಲ್ಲಿ ದಿನಾ ಬಂದರೆ ಕಮ್ಸ್, ನಾಳೆ ಬಂದರೆ ವಿಲ್ ಕಮ್.

ಹನ್ನೊಂದು: ರೇನ್ಸ್. ಮಳೆ ಮುಂದೆ ಬರುವುದು ತಾನೇ, ‘ವಿಲ್ ರೇನ್’ ಯಾಕಲ್ಲ? ಇಂಥ ವಾಕ್ಯದಲ್ಲಿ ‘ವಿಲ್’ ಒಂದೇ ಕಡೆ ಬರುತ್ತದೆ. ಅದು ಆಗಲೇ ‘ವಿಲ್ ಸ್ಟೇ’ಯಲ್ಲಿ ಬಂದಿದೆ. ‘ಇಫ್’ ಇರುವ ಭಾಗಕ್ಕೆ ಸರಳ ವರ್ತಮಾನ ಸಾಕು. ‘ಮಳೆ ಬಂದರೆ’ ಅನ್ನುವುದರಲ್ಲಿ ‘ಬಂದ’ ಕೇಳಿಸುತ್ತದೆ ಅಂತ ‘ರೇನ್ಡ್’ ಬರೆಯಬೇಡಿ.

ಮನೆಗೆಲಸ: ಇವತ್ತು ಬೆಳಿಗ್ಗೆಯಿಂದ ನಿಮ್ಮ ಮನೆಯಲ್ಲಿ ನಡೆದದ್ದನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಒಂದರಲ್ಲಾದರೂ ‘ಡಿಡ್ ನಾಟ್’ ಇರಲಿ, ಒಂದರಲ್ಲಿ ‘ಸಿನ್ಸ್’ ಇರಲಿ. ಸೋಮವಾರ ನೋಟ್‌ಬುಕ್ ತನ್ನಿ. ಅಳಿಸಿದ್ದು, ತಿದ್ದಿದ್ದು ಎಲ್ಲಾ ಹಾಗೇ ಇರಲಿ. ನಾನು ಅದನ್ನೂ ನೋಡಬೇಕು.