ಪೌತಿ ಖಾತೆ ದೂರಿನ ಸಾರಾಂಶ: ಉಪವಿಭಾಗಾಧಿಕಾರಿಗಳ ಅವಗಾಹನೆಗೆ

ವಿಷಯ: ತಂದೆಯ ಮರಣಾನಂತರ ಸಹೋದರನೊಬ್ಬನ ಹೆಸರಿಗೆ ಮಾತ್ರ ಪೌತಿ ಖಾತೆಯಾಗಿರುವ ಬಗ್ಗೆ ಹಿರಿಯ ಮಗಳು ಸಲ್ಲಿಸಿರುವ ದೂರು
ದೂರು ಸ್ವೀಕರಿಸಿದ ದಿನಾಂಕ: 26-07-2024
ಟಿಪ್ಪಣಿಯ ದಿನಾಂಕ: 29-07-2024

ಮಾನ್ಯರೇ,

ದೂರು ಕೈಬರಹದ 23 ಪುಟಗಳಷ್ಟಿದೆ, ಜೊತೆಗೆ 9 ಲಗತ್ತುಗಳಿವೆ. ಘಟನೆಗಳು ನಡೆದ ಕ್ರಮದಲ್ಲಿ ಬಂದಿಲ್ಲ. ಒಂದೇ ಸಂಗತಿ ಎರಡು ಮೂರು ಕಡೆ ಬರುತ್ತದೆ, ಕೆಲವೊಮ್ಮೆ ಬೇರೆ ಬೇರೆ ದಿನಾಂಕಗಳೊಂದಿಗೆ. ಮುಖ್ಯ ಪರಿಹಾರದ ಕೋರಿಕೆ 21ನೇ ಪುಟದಲ್ಲಿದೆ. ಆದರೆ ಇಡೀ ಪ್ರಕರಣಕ್ಕೆ ಆಧಾರವಾಗುವ ದಿನಾಂಕ 14ನೇ ಪುಟದ ನಡುವೆ, ಬಸ್ಸು ತಪ್ಪಿದ ಪ್ರಸಂಗದೊಳಗೆ ಸೇರಿಕೊಂಡಿದೆ. ಆದ್ದರಿಂದ ಅದನ್ನೇ ಮೊದಲು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತುರ್ತು ಅಂಶ

ಹಕ್ಕು ಬದಲಾವಣೆ ಆದೇಶದ ದೃಢೀಕೃತ ನಕಲು ದೂರುದಾರರ ಕೈಸೇರಿದ್ದು 03-06-2024ರಂದು. ತಾಲ್ಲೂಕು ಕಚೇರಿಯ ಮುದ್ರೆಯಲ್ಲೂ ಇದೇ ದಿನಾಂಕವಿದೆ (ಲಗತ್ತು 5). ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 136(2)ರಂತೆ ಆದೇಶ ತಿಳಿಸಿದ ಅಥವಾ ನಮೂದು ತಿಳಿದುಬಂದ ದಿನದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. 03-06-2024ರಿಂದ ಲೆಕ್ಕ ಹಾಕಿದರೆ ಈ ಅವಧಿ ಇದೇ ಶುಕ್ರವಾರ, 02-08-2024ಕ್ಕೆ ಮುಗಿಯುತ್ತದೆ.

ಬಂದಿರುವುದು ದೂರು ಪತ್ರ, ಮೇಲ್ಮನವಿಯಲ್ಲ. ಮೇಲ್ಮನವಿಯ ನಮೂನೆಯೂ ಇಲ್ಲ, ಶುಲ್ಕವೂ ಇಲ್ಲ, ಸಹೋದರನನ್ನು ಎದುರುದಾರನನ್ನಾಗಿಯೂ ಮಾಡಿಲ್ಲ. ಎಂದಿನಂತೆ ‘ತಹಶೀಲ್ದಾರರ ವರದಿಗಾಗಿ’ ಎಂದು ಬರೆದು ಕೆಳಗೆ ಕಳುಹಿಸಿದರೆ, ವರದಿ ಬರುವ ಹೊತ್ತಿಗೆ ಅವರ ಕಾಲಾವಧಿ ಕಳೆದುಹೋಗಿರುತ್ತದೆ. 62 ವರ್ಷದ ಇವರು ಬೇರೆ ತಾಲ್ಲೂಕಿನಲ್ಲಿ ವಾಸವಾಗಿದ್ದಾರೆ, ವಕೀಲರನ್ನು ಇನ್ನೂ ನೇಮಿಸಿಕೊಂಡಿಲ್ಲ. ಮೇಲ್ಮನವಿ ಸಲ್ಲಿಸಬೇಕೆಂಬುದನ್ನು ಅವರಿಗೆ ಈವರೆಗೆ ಯಾವ ಕಚೇರಿಯೂ ತಿಳಿಸಿದಂತೆ ಪತ್ರದಿಂದ ಕಾಣುವುದಿಲ್ಲ.

ದೂರುದಾರರಿಗೆ ತೊಡಕಾಗಬಹುದಾದ ಒಂದು ಸಾಲನ್ನೂ ಇಲ್ಲಿಯೇ ಹೇಳಬೇಕು. 6ನೇ ಪುಟದಲ್ಲಿ ಅವರು, ‘ಮಾರ್ಚ್ ತಿಂಗಳಲ್ಲಿ ಪಕ್ಕದ ಜಮೀನಿನವರು ಖಾತೆ ತಮ್ಮನ ಹೆಸರಿಗೆ ಆಗಿದೆಯಂತೆ ಎಂದಿದ್ದರು, ನಾನು ನಂಬಲಿಲ್ಲ’ ಎಂದು ಬರೆದಿದ್ದಾರೆ. ಎದುರುದಾರರು ಇದನ್ನೇ ಹಿಡಿದು, ಮಾರ್ಚ್ 2024ರಲ್ಲೇ ವಿಷಯ ಗೊತ್ತಿತ್ತು ಎಂದು ವಾದಿಸಬಹುದು. ಆ ತಿಂಗಳ ಕೊನೆಯ ದಿನದಿಂದ ಎಣಿಸಿದರೂ 60 ದಿನಗಳು 30-05-2024ಕ್ಕೇ ಮುಗಿಯುತ್ತವೆ. ನೆರೆಯವರ ಬಾಯಿಮಾತನ್ನು ನಮೂದಿನ ತಿಳಿವಳಿಕೆ ಎನ್ನಲಾಗದು ಎಂಬುದು ನನ್ನ ಅಭಿಪ್ರಾಯ. ಆದರೂ ಮೇಲ್ಮನವಿಯ ಜೊತೆಯಲ್ಲೇ ವಿಳಂಬ ಮನ್ನಾ ಅರ್ಜಿಯನ್ನೂ ಸಲ್ಲಿಸುವುದು ಕ್ಷೇಮ.

ಸಂಗತಿಗಳು, ದಿನಾಂಕವಾರು

ಜಮೀನು ದೂರುದಾರರ ತಂದೆಯ ಹೆಸರಿನಲ್ಲಿತ್ತು: ಸರ್ವೆ ನಂ. 84/2ರಲ್ಲಿ 2 ಎಕರೆ 18 ಗುಂಟೆ, ಸರ್ವೆ ನಂ. 91/1ರಲ್ಲಿ 1 ಎಕರೆ 31 ಗುಂಟೆ, ಒಟ್ಟು 4 ಎಕರೆ 9 ಗುಂಟೆ. ದೂರಿನ 2ನೇ ಪುಟದಲ್ಲಿ 4 ಎಕರೆ 19 ಗುಂಟೆ ಎಂದಿದೆ. ಪಹಣಿಯೊಂದಿಗೆ ಹೋಲಿಸಿದಾಗ ಅದು ಕೂಡಿಕೆಯ ತಪ್ಪೆಂದು ತಿಳಿಯುತ್ತದೆ. ತಂದೆಗೆ ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ತಾಯಿ 2015ರಲ್ಲೇ ತೀರಿಕೊಂಡಿದ್ದಾರೆ. ತಂದೆ ಉಯಿಲು ಬರೆದಿಲ್ಲ ಎಂದು 5ನೇ ಪುಟದಲ್ಲಿ ಹೇಳಲಾಗಿದೆ.

11-11-2021: ತಂದೆಯ ಮರಣ. ಮರಣ ಪ್ರಮಾಣಪತ್ರ ಲಗತ್ತು 1.

ನವೆಂಬರ್ ಅಥವಾ ಡಿಸೆಂಬರ್ 2021: ಬ್ಯಾಂಕಿನಲ್ಲಿರುವ ತಂದೆಯ ಹಣ ಬಿಡಿಸಿಕೊಳ್ಳಲು ಬೇಕು ಎಂದು ಹೇಳಿ ಸಹೋದರ ಇಬ್ಬರು ಅಕ್ಕತಂಗಿಯರಿಂದ ಛಾಪಾ ಕಾಗದಕ್ಕೆ ಸಹಿ ಪಡೆದರೆಂಬುದು ಆರೋಪ. 4ನೇ ಪುಟದ ಪ್ರಕಾರ ಇದು ನಡೆದದ್ದು ಹದಿಮೂರನೆಯ ದಿನದ ಕಾರ್ಯದಂದು, 11ನೇ ಪುಟದ ಪ್ರಕಾರ ಡಿಸೆಂಬರಿನ ಮಾಸಿಕದಂದು. ಈ ವ್ಯತ್ಯಾಸವನ್ನು ವಿಚಾರಣೆಯಲ್ಲಿ ಕೇಳಿ ಸರಿಪಡಿಸಿಕೊಳ್ಳಬೇಕು. ಕಾಗದದ ನಕಲು ದೂರುದಾರರ ಬಳಿ ಇಲ್ಲ.

08-02-2022: ಸಹೋದರನಿಂದ ಪೌತಿ ಖಾತೆಗೆ ಅರ್ಜಿ. ಅದರೊಂದಿಗೆ ಸಲ್ಲಿಸಿದ ವಂಶವೃಕ್ಷದಲ್ಲಿ ಮೃತರಿಗೆ ಒಬ್ಬನೇ ಮಗ ಎಂದಿದೆ, ಹೆಣ್ಣುಮಕ್ಕಳ ಹೆಸರೇ ಇಲ್ಲ (ಲಗತ್ತು 3). ಗ್ರಾಮ ಆಡಳಿತ ಅಧಿಕಾರಿಯ ವರದಿಯಲ್ಲೂ ‘ಬೇರೆ ವಾರಸುದಾರರಿಲ್ಲ’ ಎಂಬ ಒಂದು ಸಾಲು ಮಾತ್ರ ಇದೆ (ಲಗತ್ತು 4).

19-04-2022: ತಕರಾರು ಬಂದಿಲ್ಲವೆಂದು ಹಕ್ಕು ಬದಲಾವಣೆ ದೃಢೀಕರಣ.

17-05-2024: ದೂರುದಾರರಿಂದ ನಕಲಿಗೆ ಅರ್ಜಿ. 03-06-2024ರಂದು ನಕಲು ಲಭ್ಯ.

14-06-2024: ಗ್ರಾಮ ಆಡಳಿತ ಅಧಿಕಾರಿಯ ಭೇಟಿ. ‘ಕೋರ್ಟಿಗೆ ಹೋಗಿ’ ಎಂದು ಹೇಳಿ ಕಳುಹಿಸಿದರು ಎನ್ನುತ್ತಾರೆ. ಲಿಖಿತ ಹಿಂಬರಹ ಕೊಟ್ಟಿಲ್ಲ.

28-06-2024: ತಹಶೀಲ್ದಾರರಿಗೆ ಮನವಿ. ಸ್ವೀಕೃತಿ ಇದೆ (ಲಗತ್ತು 7). ದೂರು ಬರೆಯುವವರೆಗೂ ಉತ್ತರ ಬಂದಿಲ್ಲ.

20-07-2024: ಸರ್ವೆ ನಂ. 84/2ರಲ್ಲಿ ಭೂಮಾಪಕರು ಅಳತೆ ಮಾಡುತ್ತಿದ್ದುದನ್ನು ದೂರುದಾರರ ಕಿರಿಯ ತಂಗಿ ಕಂಡಿದ್ದಾರೆ. ಒಂದು ಭಾಗದ ಮಾರಾಟಕ್ಕಾಗಿ 11ಇ ನಕ್ಷೆಗೆ ಅರ್ಜಿಯಾಗಿದೆ ಎಂದು ಅವರಿಗೆ ಅಲ್ಲಿ ಹೇಳಲಾಯಿತಂತೆ. ಇದಕ್ಕೆ ದಾಖಲೆ ಲಗತ್ತಿಸಿಲ್ಲ, ಭೂಮಾಪನ ಶಾಖೆಯಿಂದ ಇಂದೇ ಖಚಿತಪಡಿಸಿಕೊಳ್ಳಬಹುದು.

ಲಗತ್ತುಗಳನ್ನು ಓದಿದಾಗ ಕಂಡದ್ದು

ಪತ್ರದಲ್ಲಿ ದೂರುದಾರರು ಎತ್ತದಿರುವ ಮೂರು ಅಂಶಗಳು ದಾಖಲೆಗಳಲ್ಲಿ ಕಾಣುತ್ತವೆ.

ಮೊದಲನೆಯದು ಅತಿ ಮುಖ್ಯ. ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟಿದ್ದಾರೆ ಎಂದು ಸಹೋದರ ಈಗ ಊರಿನಲ್ಲಿ ಹೇಳುತ್ತಿದ್ದಾರೆ (ಪುಟ 12). ಆದರೆ 2022ರಲ್ಲಿ ಅವರೇ ಸಲ್ಲಿಸಿದ ವಂಶವೃಕ್ಷದಲ್ಲಿ ಅಕ್ಕತಂಗಿಯರೇ ಇಲ್ಲ. ಇಲ್ಲದವರು ಹಕ್ಕು ಬಿಡುವುದು ಹೇಗೆ? ಈ ಎರಡು ಮಾತುಗಳಲ್ಲಿ ಒಂದು ಸುಳ್ಳಾಗಿರಲೇಬೇಕು. ಹಕ್ಕು ಬಿಡುಗಡೆಯ ಕಾಗದ ದೂರುದಾರರು ಒದಗಿಸಿದ ನಕಲುಗಳಲ್ಲಿ ಇಲ್ಲವೇ ಇಲ್ಲ. ಇದ್ದಿದ್ದರೂ, ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗದೆ ಹಕ್ಕನ್ನು ವರ್ಗಾಯಿಸಲಾರದು.

ಎರಡನೆಯದು ನೋಟಿಸು. ನಮೂದು ಮಾಡಿದಾಗ ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಬೇಕು, ಹಿತಾಸಕ್ತಿ ಇದೆ ಎಂದು ನಂಬಲು ಕಾರಣವಿರುವ ಎಲ್ಲರಿಗೂ ಲಿಖಿತವಾಗಿ ತಿಳಿಸಬೇಕು ಎಂದು ಕಲಂ 129(2) ಹೇಳುತ್ತದೆ. ನಕಲಿನಲ್ಲಿ ಚಾವಡಿಗೆ ಅಂಟಿಸಿದ ಷರಾ ಇದೆ, ವ್ಯಕ್ತಿಗಳಿಗೆ ನೋಟಿಸು ಜಾರಿಯಾದ ಒಂದು ಕಾಗದವೂ ಇಲ್ಲ. ಮೂವರು ಹೆಣ್ಣುಮಕ್ಕಳೂ ಹುಟ್ಟಿ ಬೆಳೆದು ಮದುವೆಯಾಗಿ ಹೋದದ್ದು ಅದೇ ಗ್ರಾಮದಿಂದ. ಅವರಿದ್ದಾರೆಂದು ಅಲ್ಲಿಯ ಸಿಬ್ಬಂದಿಗೆ ತಿಳಿದಿರಲಿಲ್ಲ ಎಂದು ಒಪ್ಪುವುದು ಕಷ್ಟ. ಮೂಲ ಕಡತ ತರಿಸಿ ನೋಡುವವರೆಗೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಮೂರನೆಯದನ್ನು ನಾನು ಬಹುತೇಕ ಓದದೆ ದಾಟಿಬಿಡುವಂತಿತ್ತು, ಏಕೆಂದರೆ ಅದು 9ನೇ ಪುಟದಲ್ಲಿ ಒಂದು ಶೋಕದ ಸಾಲಾಗಿ ಮಾತ್ರ ಬಂದಿದೆ. ನಡುವಿನ ತಂಗಿ 2018ರಲ್ಲಿ, ಅಂದರೆ ತಂದೆಗಿಂತ ಮೊದಲೇ ತೀರಿಕೊಂಡಿದ್ದಾರೆ. ಅವರಿಗೆ 14 ವರ್ಷದ ಮಗನಿದ್ದಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಂತೆ, ಮೊದಲೇ ತೀರಿಕೊಂಡ ಮಗಳ ಮಗನೂ ಮೊದಲ ವರ್ಗದ ವಾರಸುದಾರನೇ. ಈ ಹುಡುಗನ ಪರವಾಗಿ ಯಾರೂ ಏನನ್ನೂ ಕೇಳಿಲ್ಲ, ದೂರುದಾರರೂ ಕೇಳಿಲ್ಲ. ಮೇಲ್ಮನವಿ ಬಂದಾಗ ಅವನನ್ನು ಪೋಷಕರ ಮೂಲಕ ಪಕ್ಷಗಾರನನ್ನಾಗಿ ಸೇರಿಸದಿದ್ದರೆ, ಹೊಸ ಆದೇಶದಲ್ಲೂ ಅದೇ ಅನ್ಯಾಯ ಬೇರೊಬ್ಬನಿಗೆ ಆಗುತ್ತದೆ.

7ರಿಂದ 10ರವರೆಗಿನ ಪುಟಗಳ ಉಳಿದ ಭಾಗದಲ್ಲಿ ತಾಯಿಯ ಒಡವೆ, ತಂದೆಯ ಆಸ್ಪತ್ರೆ ಖರ್ಚು, ಬದುವಿನ ಮೇಲಿದ್ದ ಮರ ಕಡಿದದ್ದು, ಹಬ್ಬಕ್ಕೆ ಕರೆಯದಿದ್ದದ್ದು ಇವೆಲ್ಲ ಇವೆ. ಇವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ತಂದೆಯ ಕೊನೆಯ ಎರಡು ವರ್ಷ ಅವರನ್ನು ನೋಡಿಕೊಂಡವರು ತಮ್ಮನೇ ಎಂದು ದೂರುದಾರರು ಇಲ್ಲಿಯೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ, ಅವನ ಮಾತನ್ನು ನಂಬಿ ಓದದೆ ಸಹಿ ಹಾಕಿದ್ದಕ್ಕೂ ಅದನ್ನೇ ಕಾರಣವಾಗಿ ಹೇಳಿದ್ದಾರೆ. ಆ ಮಟ್ಟಿಗೆ ಈ ಪುಟಗಳು ಪ್ರಸ್ತುತ.

ಕೋರಿರುವ ಪರಿಹಾರಗಳು

1. 19-04-2022ರ ಹಕ್ಕು ಬದಲಾವಣೆಯನ್ನು ರದ್ದುಪಡಿಸುವುದು (ಪುಟ 21). ಮೇಲ್ಮನವಿಯಲ್ಲಿ ತಮ್ಮ ಅಧಿಕಾರ ವ್ಯಾಪ್ತಿಗೆ ಬರುತ್ತದೆ.

2. ಎಲ್ಲ ಮಕ್ಕಳ ಹೆಸರನ್ನು ಜಂಟಿಯಾಗಿ ಪಹಣಿಯಲ್ಲಿ ಸೇರಿಸುವುದು (ಪುಟ 21). ಒಂದನೆಯದನ್ನು ಪುರಸ್ಕರಿಸಿದರೆ, ಸರಿಯಾದ ವಂಶವೃಕ್ಷದೊಂದಿಗೆ ಮರುವಿಚಾರಣೆಗೆ ತಹಶೀಲ್ದಾರರಿಗೆ ಹಿಂದಿರುಗಿಸಬಹುದು.

3. ಜಮೀನಿನ ಮಾರಾಟ ತಡೆಯುವುದು (ಪುಟ 22). ದೂರಿನ ಮೇಲೆ ಸಾಧ್ಯವಿಲ್ಲ. ಮೇಲ್ಮನವಿ ದಾಖಲಾದರೆ ಮಧ್ಯಂತರ ತಡೆಯಾಜ್ಞೆ ನೀಡಿ, ಪಹಣಿಯ ಕಾಲಂ 11ರಲ್ಲಿ ನಮೂದಿಸಲು ಆದೇಶಿಸಬಹುದು. ಅಳತೆ ಕೆಲಸ ಆಗಲೇ ನಡೆದಿದ್ದರೆ ಇದು ಒಂದನೆಯ ಕೋರಿಕೆಗಿಂತ ತುರ್ತಾದದ್ದು.

4. ನಾಲ್ಕು ಭಾಗ ಮಾಡಿ ತಮ್ಮ ಪಾಲನ್ನು ಸ್ವಾಧೀನಕ್ಕೆ ಕೊಡಿಸುವುದು, ಎರಡು ವರ್ಷದ ಬೆಳೆಯ ಪಾಲನ್ನೂ ಕೊಡಿಸುವುದು (ಪುಟ 22). ಇದು ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು. ಖಾತೆಯ ನಮೂದು ಒಡೆತನವನ್ನು ತೀರ್ಮಾನಿಸುವುದಿಲ್ಲ ಎಂಬುದನ್ನು ದೂರುದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲವಾದರೆ ಇಲ್ಲಿ ಗೆದ್ದ ಮೇಲೆ ಎಲ್ಲವೂ ಮುಗಿಯಿತೆಂದು ಅವರು ಸುಮ್ಮನಾಗುವ ಅಪಾಯವಿದೆ.

5. ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಶಿಸ್ತು ಕ್ರಮ (ಪುಟ 23). 2022ರಲ್ಲಿ ವರದಿ ನೀಡಿದವರೂ ಈಗ ಇರುವವರೂ ಬೇರೆ ಬೇರೆ ಎಂದು ತಾಲ್ಲೂಕು ಕಚೇರಿಯಿಂದ ತಿಳಿದುಬಂದಿದೆ. ದೂರುದಾರರು ಇಬ್ಬರನ್ನೂ ಒಬ್ಬರೇ ಎಂದು ಭಾವಿಸಿದ್ದಾರೆ. ಈ ಕೋರಿಕೆಯನ್ನು ಪ್ರತ್ಯೇಕ ಕಡತದಲ್ಲಿ ಪರಿಶೀಲಿಸುವುದು ಸೂಕ್ತ.

ಸಲ್ಲಿಸುವ ಕ್ರಮ

ಅಂಚೆಯ ಹಿಂಬರಹ ಶುಕ್ರವಾರದೊಳಗೆ ತಲುಪುವ ಭರವಸೆಯಿಲ್ಲ. ದೂರಿನ ಕೊನೆಯ ಪುಟದಲ್ಲಿ ದೂರುದಾರರ ಮೊಬೈಲ್ ಸಂಖ್ಯೆ ಇದೆ. ತಾವು ಒಪ್ಪಿದಲ್ಲಿ ಇಂದೇ ಕರೆ ಮಾಡಿ, 02-08-2024ರೊಳಗೆ ವಿಳಂಬ ಮನ್ನಾ ಅರ್ಜಿ ಹಾಗೂ ತಡೆಯಾಜ್ಞೆಯ ಅರ್ಜಿಯೊಂದಿಗೆ ಮೇಲ್ಮನವಿ ಸಲ್ಲಿಸುವಂತೆ ತಿಳಿಸಿ, ಕರೆ ಮಾಡಿದ ಸಮಯವನ್ನು ಕಡತದಲ್ಲಿ ದಾಖಲಿಸುತ್ತೇನೆ. ವಕೀಲರ ವೆಚ್ಚ ಭರಿಸಲಾಗದಿದ್ದರೆ, ಮಹಿಳೆಯಾದ್ದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿಗೆ ಅರ್ಹರು ಎಂಬುದನ್ನೂ ಹೇಳುತ್ತೇನೆ. ಹಿಂಬರಹದ ಕರಡು ಇದರೊಂದಿಗಿದೆ.

ಹಕ್ಕು ಬದಲಾವಣೆಯ ಮೂಲ ಕಡತ, ನೋಟಿಸು ಜಾರಿಯ ಪ್ರತಿ ಹಾಗೂ 11ಇ ನಕ್ಷೆಯ ಅರ್ಜಿಯ ಸ್ಥಿತಿಯನ್ನು ಎರಡು ದಿನಗಳಲ್ಲಿ ಕಳುಹಿಸುವಂತೆ ತಹಶೀಲ್ದಾರರಿಗೆ ಬರೆಯುವ ಪತ್ರದ ಕರಡನ್ನೂ ಸಹಿಗಾಗಿ ಇರಿಸಿದೆ. ಸಹೋದರನ ಹೇಳಿಕೆ ನಮ್ಮ ಮುಂದಿಲ್ಲ. ಮೇಲಿನ ಸಂಗತಿಗಳೆಲ್ಲವೂ ಒಂದೇ ಕಡೆಯವರ ಮಾತು ಮತ್ತು ಅವರು ಒದಗಿಸಿದ ನಕಲುಗಳನ್ನು ಆಧರಿಸಿವೆ.

ಆದೇಶಕ್ಕಾಗಿ ಸಲ್ಲಿಸಿದೆ.

ಪ್ರಕರಣ ನಿರ್ವಾಹಕರು
ಕಂದಾಯ ಶಾಖೆ, ಉಪವಿಭಾಗಾಧಿಕಾರಿಗಳ ಕಚೇರಿ