ಹುಲಿಯನ ಹಿಂದೆ ಹೋದದ್ದು

ಡಿಸೆಂಬರ್ 9, ರಾತ್ರಿ

ಆಗಸ್ಟ್‌ನಲ್ಲಿ ಇದೇ ನೋಟ್‌ಬುಕ್‌ನಲ್ಲಿ ಬರೆದಿದ್ದೆ: 'ಮಲೆಗಳಲ್ಲಿ ಮದುಮಗಳು, 60 ಪುಟ. ಕಥೆ ಎಲ್ಲಿ? ಇಷ್ಟೊಂದು ಜನ ಯಾಕೆ?' ಅದರ ಕೆಳಗೆ ಸಿಟ್ಟಿನಿಂದ ಎರಡು ಗೆರೆ ಬೇರೆ.

ಆಗ ಹುಡುಕುತ್ತಿದ್ದದ್ದು ನಾಯಕನನ್ನು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲಲ್ಲೇ ಹೇಳಿಬಿಟ್ಟಿದ್ದಾರೆ. ಪರೀಕ್ಷೆಗೆ ಬರುತ್ತೆ ಅಂತ ಅಡಿಗೆರೆ ಎಳೆದಿದ್ದೆ, ಓದಿರಲಿಲ್ಲ ಅಷ್ಟೇ!

ಅಕ್ಟೋಬರ್‌ನಲ್ಲಿ ಹೆಸರುಗಳ ಪಟ್ಟಿ ಮಾಡುವುದನ್ನು ಬಿಟ್ಟೆ. ಸುಮ್ನೆ ಗುತ್ತಿಯ ನಾಯಿ ಹುಲಿಯನ ಹಿಂದೆ ಹೋದೆ. ಐತ, ಪೀಂಚಲು ತಾವಾಗಿಯೇ ಪರಿಚಯವಾದರು.

ಇವತ್ತು ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋದ. ಮೆಸ್ಸಿನ ಊಟ ತಪ್ಪಿಸಿಕೊಂಡು ಕೂತೆ. ನಾಯಿಗೆ ಅತ್ತೆ, ಮನುಷ್ಯರಿಗಲ್ಲ. ಅದೂ ಅಮುಖ್ಯವಲ್ಲ, ಅಲ್ವಾ?

ವರ್ಣನೆ ಕೆಲವು ಕಡೆ ಈಗಲೂ ಜಾಸ್ತಿ ಅನಿಸುತ್ತದೆ. ಆಗಸ್ಟ್‌ನ ಪುಟ ಹರಿದಿಲ್ಲ.